ಕ್ಯಾಮೆರಾಗೂ ಒಂದು ಕುರ್ಚಿ

ನಾನು ಮಾತಾಡಿದ ಒಂದು ಹೈಬ್ರಿಡ್ ಮೀಟಿಂಗ್‌ನ ರೆಕಾರ್ಡಿಂಗನ್ನು ಒಮ್ಮೆ ಸೌಂಡ್ ಬಂದ್ ಮಾಡಿ ನೋಡಿದೆ. ಆ ದಿನ ಕೋಣೆಯಲ್ಲಿ ಎಂಟು ಜನ ಇದ್ದೆವು, ಆನ್‌ಲೈನ್‌ನಲ್ಲಿ ಐದು ಜನ. ಮೀಟಿಂಗ್ ಮುಗಿದ ಮೇಲೆ ಆ ಐವರಲ್ಲಿ ಒಬ್ಬರು ಫೋನ್ ಮಾಡಿ, "ನೀವು ಯಾರಿಗೋ ಹೇಳ್ತಿದ್ದದ್ದನ್ನು ನಾವು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಹಾಗಿತ್ತು" ಅಂದಿದ್ದರು. ಆ ಮಾತು ಮನಸ್ಸಿಗೆ ನಾಟಿತು. ರೆಕಾರ್ಡಿಂಗ್ ನೋಡಿದ್ದು ಅದಕ್ಕೇ.

ಕಾರಣ ಎರಡೇ ನಿಮಿಷದಲ್ಲಿ ಕಂಡಿತು. ಕ್ಯಾಮೆರಾ ಗೋಡೆಯ ಟಿವಿಯ ಮೇಲಿತ್ತು. ನಾನು ಅದೇ ಟಿವಿಯ ಪಕ್ಕ ನಿಂತು, ಮೇಜಿನ ಸುತ್ತ ಕೂತವರ ಕಡೆ ಮುಖ ಮಾಡಿ ಮಾತಾಡಿದ್ದೆ. ಎದುರಿಗಿದ್ದ ಏಳು ಜನಕ್ಕೆ ನನ್ನ ಮುಖ ಕಾಣುತ್ತಿತ್ತು. ದೂರದ ಐವರಿಗೆ ಕಂಡದ್ದು ನನ್ನ ಭುಜ, ಒಂದು ಕಿವಿ, ಆಗೊಮ್ಮೆ ಈಗೊಮ್ಮೆ ಕೆನ್ನೆ.

ಮುಂದಿನ ಸಲ ತಪ್ಪು ತಿದ್ದಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ಲ್ಯಾಪ್‌ಟಾಪನ್ನು ನನ್ನ ಮುಂದೆಯೇ ಇಟ್ಟುಕೊಂಡು ಅದರ ಕ್ಯಾಮೆರಾ ನೋಡುತ್ತಾ ಪೂರ್ತಿ ಮಾತಾಡಿದೆ. ದೂರದವರು ಖುಷಿಪಟ್ಟರು. ಆದರೆ ಕೋಣೆಯಲ್ಲಿದ್ದವರು ಸ್ವಲ್ಪ ಹೊತ್ತಿಗೆ ಫೋನ್ ತೆಗೆದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಎದುರಿಗೇ ಕೂತ ಮನುಷ್ಯ ಯಂತ್ರದ ಜೊತೆ ಮಾತಾಡುತ್ತಿದ್ದರೆ ಕೇಳುವವರಿಗೆ ಏನನ್ನಿಸಬೇಕು, ಅಲ್ವಾ?

ಆಗ ಹೊಳೆದದ್ದು ಇಷ್ಟು: ಎರಡು ಕಡೆ ನೋಡಬೇಕಾದ ಕಷ್ಟ ಹುಟ್ಟುವುದೇ ಕ್ಯಾಮೆರಾ ಒಂದು ಕಡೆ, ಜನ ಇನ್ನೊಂದು ಕಡೆ ಇರುವುದರಿಂದ. ಕ್ಯಾಮೆರಾವನ್ನು ಜನರ ನಡುವೆಯೇ ಕೂರಿಸಿದರೆ?

ಹಾಗೇ ಮಾಡಿದೆ. ನನ್ನ ಎದುರಿನ ಸಾಲಿನಲ್ಲಿ ನಡುವಿನ ಕುರ್ಚಿ ಖಾಲಿ ಬಿಡಿಸಿ, ಅದರ ಮುಂದೆ ಮೇಜಿನ ಮೇಲೆ, ಅದೇ ಮೀಟಿಂಗ್‌ಗೆ ಸೇರಿಸಿದ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಇಟ್ಟೆ. ಅದರ ಎರಡೂ ಪಕ್ಕದಲ್ಲಿ ಸಹೋದ್ಯೋಗಿಗಳು. ನಾನು ನಿಲ್ಲುವುದನ್ನು ಬಿಟ್ಟು ಕೂತೆ. ಕೂತಾಗ ಕಣ್ಣಿನ ಎತ್ತರ ನೆಲದಿಂದ ಸುಮಾರು 115ರಿಂದ 120 ಸೆಂ.ಮೀ. ಇರುತ್ತದೆ. ಮೇಜಿನ ಮೇಲಿಟ್ಟ ಲ್ಯಾಪ್‌ಟಾಪ್‌ನ ಕ್ಯಾಮೆರಾ 100 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಕೆಳಗೆ ಒಂದು ಪೆಟ್ಟಿಗೆ ಇಟ್ಟು 15-20 ಸೆಂ.ಮೀ. ಎತ್ತರಿಸಿದರೆ ಸಾಕು, ಪಕ್ಕದಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಲ್ಯಾಪ್‌ಟಾಪನ್ನು ಹೀಗೆ ಎದುರಿನ ಸಾಲಿನಲ್ಲಿ ದೂರ ಇಡುವುದರಿಂದ ಇನ್ನೊಂದು ಲಾಭವಿದೆ, ಅದನ್ನು ನಾನು ಮೊದಲು ಎಣಿಸಿರಲಿಲ್ಲ. ಮಾತಾಡುವಾಗ ನಾವು ಲೆನ್ಸ್ ನೋಡುವುದಕ್ಕಿಂತ ಪರದೆಯ ಮೇಲಿನ ಮುಖಗಳನ್ನು ನೋಡುವುದೇ ಜಾಸ್ತಿ. 60 ಸೆಂ.ಮೀ. ದೂರದಲ್ಲಿ ಕೂತು, ಲೆನ್ಸ್‌ಗಿಂತ 15 ಸೆಂ.ಮೀ. ಕೆಳಗಿರುವ ಮುಖವನ್ನು ನೋಡಿದರೆ ನೋಟ ಸುಮಾರು 14 ಡಿಗ್ರಿ ಕೆಳಗಿಳಿಯುತ್ತದೆ. ಆ ಕಡೆಯವರಿಗೆ ನಾವು ಏನೋ ಓದುತ್ತಿರುವ ಹಾಗೆ ಕಾಣುತ್ತೇವೆ. ಅದೇ ಲ್ಯಾಪ್‌ಟಾಪ್ 2 ಮೀಟರ್ ದೂರದಲ್ಲಿದ್ದರೆ ಇಳಿಯುವುದು 4 ಡಿಗ್ರಿ ಮಾತ್ರ. ಅಷ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ನಾನು ಮುಖಗಳಿರುವ ಕಿಟಕಿಯನ್ನು ಲೆನ್ಸ್‌ನ ಕೆಳಗೇ ಎಳೆದಿಟ್ಟು, ಧೈರ್ಯವಾಗಿ ಆ ಮುಖಗಳನ್ನೇ ನೋಡುತ್ತೇನೆ. ಯಾರಾದರೂ ತಲೆಯಾಡಿಸಿದರೆ ನನಗೂ ಕಾಣುತ್ತದೆ. ನನ್ನ ಸ್ವಂತ ಮುಖವನ್ನು ಮಾತ್ರ ಮರೆಮಾಡುತ್ತೇನೆ. ಜೂಮ್‌ನಲ್ಲಿ ಅದು Hide Self View.

ಇದರಲ್ಲಿ ಎಡವುವ ಜಾಗಗಳು ಎರಡು. ಒಂದು, ಕೋಣೆಯ ಮೈಕು, ಸ್ಪೀಕರ್ ಮೊದಲೇ ಚಾಲೂ ಇರುತ್ತವೆ. ಈ ಲ್ಯಾಪ್‌ಟಾಪ್‌ನ ಮೈಕು, ಸ್ಪೀಕರ್ ಎರಡನ್ನೂ ಪೂರ್ತಿ ಬಂದ್ ಮಾಡದಿದ್ದರೆ ಕಿವಿ ಕೊರೆಯುವ ಕೂಗು ಏಳುತ್ತದೆ. ಎರಡನೆಯದು ಸ್ವಲ್ಪ ಮರೆಯಲ್ಲಿ ಕೂತಿರುತ್ತದೆ. ದನಿ ಕೋಣೆಯ ಮೈಕಿನಿಂದ ಹೋಗುವುದರಿಂದ ಆ ಕಡೆಯವರ ಪರದೆಯಲ್ಲಿ ದೊಡ್ಡದಾಗಿ ಬರುವುದು ಗೋಡೆಯ ಕ್ಯಾಮೆರಾದ ಚಿತ್ರವೇ. ನಾನು ಲ್ಯಾಪ್‌ಟಾಪ್ ನೋಡಿ ಮಾತಾಡಿದ್ದೆಲ್ಲ ಮೂಲೆಯ ಪುಟ್ಟ ಚೌಕದಲ್ಲಿ ಕಳೆದುಹೋಗುತ್ತದೆ. ಮೊದಲ ದಿನ ನನಗೆ ಹೀಗೇ ಆಯಿತು. ಈಗ ಶುರುವಿನಲ್ಲೇ ಲ್ಯಾಪ್‌ಟಾಪ್‌ನ ಚಿತ್ರವೇ ಎಲ್ಲರಿಗೂ ದೊಡ್ಡದಾಗಿ ಕಾಣುವ ಹಾಗೆ ಅದಕ್ಕೆ ಸ್ಪಾಟ್‌ಲೈಟ್ ಹಾಕಿಸುತ್ತೇನೆ. ಚರ್ಚೆ ಶುರುವಾದ ತಕ್ಷಣ ತೆಗೆಸುತ್ತೇನೆ, ಕೋಣೆಯ ಉಳಿದವರೂ ಕಾಣಲಿ ಅಂತ.

ಇನ್ನು ಕಣ್ಣು. ಮೊದಮೊದಲು ಎಡ, ನಡು, ಬಲ ಅಂತ ಫ್ಯಾನಿನ ಹಾಗೆ ತಲೆ ತಿರುಗಿಸುತ್ತಿದ್ದೆ. ಹಾಗೆ ಮಾಡಿದರೆ ಯಾರನ್ನೂ ನೋಡಿದ ಹಾಗಾಗುವುದಿಲ್ಲ. ಈಗ ಒಂದು ಪೂರ್ತಿ ವಿಷಯವನ್ನು ಒಬ್ಬರಿಗೇ ಹೇಳಿ ಮುಗಿಸುತ್ತೇನೆ, ಆಮೇಲೆ ಮುಂದಿನವರತ್ತ ಹೋಗುತ್ತೇನೆ. ನಡುವಿನ ಕುರ್ಚಿಯ ಲ್ಯಾಪ್‌ಟಾಪೂ ಆ ಲೆಕ್ಕದಲ್ಲಿ ಒಬ್ಬರು. ಕಳೆದ ತಿಂಗಳ ವರದಿಯಲ್ಲಿ, ಕೆಲಸ ಎರಡು ವಾರ ತಡವಾಗಿದೆ ಅನ್ನುವುದನ್ನು ಕ್ಯಾಮೆರಾ ನೋಡಿ ಹೇಳಿದೆ. ಏಕೆಂದರೆ ಕೆಟ್ಟ ಸುದ್ದಿಯನ್ನು ಕಿವಿಯ ಅಂಚಿನಲ್ಲಿ ಕೇಳುವುದು ಯಾರಿಗೂ ಹಿತವಲ್ಲ. ತಡವಾದ ಕಾರಣವನ್ನು ಆ ಕೆಲಸ ಮಾಡಿದ, ಎಡಕ್ಕೆ ಕೂತಿದ್ದ ಸಹೋದ್ಯೋಗಿಯ ಮುಖ ನೋಡಿ ಹೇಳಿದೆ. ಮುಂದೇನು ಅನ್ನುವುದಕ್ಕೆ ಮತ್ತೆ ಕ್ಯಾಮೆರಾಗೆ ಬಂದೆ, ಅದರ ಅರ್ಧ ಕೆಲಸ ದೂರದವರದ್ದೇ ಆಗಿತ್ತು. ಎಡಬಲದವರನ್ನು ನೋಡುವಾಗಲೂ ಮುಖ ಕ್ಯಾಮೆರಾದಿಂದ ಹೆಚ್ಚು ತಿರುಗುವುದಿಲ್ಲ, ಅವರು ಅದರ ಪಕ್ಕದಲ್ಲೇ ಇದ್ದಾರಲ್ಲ.

ಪ್ರಶ್ನೆ ಕೇಳುವ ಹೊತ್ತು ಬೇರೆಯೇ ಕಷ್ಟ. ಎದುರುಬದುರು ಕೂತವರ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸೆಕೆಂಡಿನ ಐದನೇ ಒಂದು ಭಾಗದಷ್ಟು. ದೂರದವರಿಗೆ ನನ್ನ ದನಿ ತಲುಪಲು ಸ್ವಲ್ಪ ಹೊತ್ತು ಬೇಕು, ಅವರ ದನಿ ವಾಪಸ್ ಬರಲು ಅಷ್ಟೇ ಹೊತ್ತು, ನಡುವೆ ಮ್ಯೂಟ್ ತೆಗೆಯಬೇಕು. ಅಷ್ಟರಲ್ಲಿ ಕೋಣೆಯಲ್ಲಿ ಯಾರೋ ಮಾತು ಎತ್ತಿಕೊಂಡಿರುತ್ತಾರೆ. "ಆನ್‌ಲೈನ್‌ನಲ್ಲಿರುವವರು ಏನಾದರೂ ಹೇಳ್ತೀರಾ?" ಅಂತ ಕೊನೆಗೆ ಸುಮ್ನೆ ಕೇಳಿದರೆ ಉತ್ತರ ಬರುವುದಿಲ್ಲ. ಆದ್ದರಿಂದ ನಾನು ಅವರ ಸರದಿಗೆ ಒಂದು ವಿಷಯ ಮುಂಚೆಯೇ ಅವರ ಹೆಸರು ಹಿಡಿದು ಹೇಳಿಬಿಡುತ್ತೇನೆ: "ಇದಾದ ಮೇಲೆ ಟೆಸ್ಟಿಂಗ್ ಬಗ್ಗೆ ನಿಮ್ಮನ್ನು ಕೇಳ್ತೀನಿ". ಸರದಿ ಬಂದಾಗ ಕ್ಯಾಮೆರಾ ನೋಡಿ ಕೇಳಿ, ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತೇನೆ. ಕಣ್ಣು ಮಾತ್ರ ಅಲ್ಲಿಂದ ಕದಲಿಸುವುದಿಲ್ಲ. ನಾನು ಬೇರೆ ಕಡೆ ತಿರುಗಿದರೆ, ಸರದಿ ತಮ್ಮದಾಯಿತು ಅಂತ ಕೋಣೆಯವರು ಶುರು ಮಾಡುತ್ತಾರೆ.

ಕೋಣೆಯಲ್ಲಿ ಮೈಕಿನಿಂದ ದೂರ ಕೂತವರು ಪ್ರಶ್ನೆ ಕೇಳಿದರೆ ಅದನ್ನು ಕ್ಯಾಮೆರಾ ನೋಡಿ ಮತ್ತೊಮ್ಮೆ ಹೇಳುತ್ತೇನೆ, ಆಮೇಲೆ ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತೇನೆ. ಟಿವಿಯತ್ತ ಬೆರಳು ತೋರಿಸಿ "ಇಲ್ಲಿ ನೋಡಿ" ಅನ್ನುವುದನ್ನು ಬಿಟ್ಟಿದ್ದೇನೆ. ಬೆರಳು ದೂರದವರಿಗೆ ಕಾಣದು. "ಮೂರನೇ ಸಾಲು, ಕೊನೆಯ ಅಂಕಿ" ಅಂದರೆ ಇಬ್ಬರಿಗೂ ಸಿಗುತ್ತದೆ.

ಇದು ನಡೆಯುವುದು ಒಂದೇ ಮೇಜಿನ ಸುತ್ತ ಕೂರುವಷ್ಟು ಜನ ಇದ್ದಾಗ. ಇಪ್ಪತ್ತು ಮೂವತ್ತು ಜನ ಸಾಲಾಗಿ ಕೂತರೆ ಲ್ಯಾಪ್‌ಟಾಪ್ ಸಾಲದು. ಮೊದಲ ಸಾಲಿನ ನಡುವೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಅದರ ಕೆಳಗೆ ದೂರದವರ ಮುಖ ಕಾಣುವ ದೊಡ್ಡ ಪರದೆ ಬೇಕು. ದನಿ ಒಂದು ಯಂತ್ರದಿಂದ, ಚಿತ್ರ ಇನ್ನೊಂದರಿಂದ ಹೋಗುವುದರಿಂದ ಕೆಲವೊಮ್ಮೆ ತುಟಿಗೂ ಮಾತಿಗೂ ಹೊಂದುವುದಿಲ್ಲ. ಅದಕ್ಕೆ ಮೀಟಿಂಗ್‌ಗೆ ಮೊದಲು ದೂರದ ಒಬ್ಬರನ್ನು ಐದು ನಿಮಿಷ ಬೇಗ ಸೇರಲು ಕೇಳಿಕೊಳ್ಳುತ್ತೇನೆ. ತುಟಿ ಸರಿ ಹೊಂದುತ್ತಿದೆಯೇ, ಯಾವ ಚಿತ್ರ ದೊಡ್ಡದಾಗಿದೆ, ನಾನು ಯಾರನ್ನು ನೋಡುತ್ತಿದ್ದೇನೆ ಅನ್ನಿಸುತ್ತದೆ, ಈ ಮೂರೇ ಪ್ರಶ್ನೆ. ಹೋದ ವಾರ ಮೂರನೆಯದಕ್ಕೆ, "ನನ್ನನ್ನೇ ನೋಡ್ತಿದ್ದೀರಿ" ಅಂದರು. ಆ ಹೊತ್ತಿಗೆ ನಾನು ನೋಡುತ್ತಿದ್ದದ್ದು ಪರದೆಯ ಮೇಲಿನ ಅವರ ಮುಖವನ್ನು, ಲೆನ್ಸನ್ನಲ್ಲ.