ಹೆಸರು ಬದಲಿಸಿದರೂ ತೆರೆಯದ ರಸೀದಿಯ ಚಿತ್ರ

ಬದಿಯಡ್ಕದ ನಮ್ಮ ಮನೆಯ ಹಳೆಯ ವಿಂಡೋಸ್ 7 ಕಂಪ್ಯೂಟರಿನಲ್ಲಿ ತಂಗಿಯ ಮಗಳ ಅರ್ಜಿಗೆ ಶುಲ್ಕದ ರಸೀದಿಯ ಸ್ಕ್ರೀನ್‌ಶಾಟ್ ಲಗತ್ತಿಸಲು ಹೊರಟಾಗ, ಅರ್ಜಿಯ ಪುಟ `.webp` ಕಡತವನ್ನು ಒಪ್ಪಲಿಲ್ಲ. ಹೆಸರಿನ ಕೊನೆಯನ್ನು `.jpg` ಎಂದು ಬದಲಿಸಿದೆ. ಪುಟ ಮತ್ತೆ ತಿರಸ್ಕರಿಸಿತು, ಕಂಪ್ಯೂಟರಿನ ಚಿತ್ರವೀಕ್ಷಕವೂ ಅದನ್ನು ತೆರೆಯಲಿಲ್ಲ.

ಕಾರಣ ತಿಳಿದದ್ದು ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ. ಅರ್ಥವಾಗದ ಅಕ್ಷರಗಳ ನಡುವೆ, ಮೊದಲ ಸಾಲಿನಲ್ಲೇ `RIFF` ಮತ್ತು `WEBP` ಎಂಬ ಪದಗಳಿದ್ದವು. ಹೆಸರು ಬದಲಾದರೂ ಒಳಗಿನ ಚಿತ್ರ ಬದಲಾಗಿರಲಿಲ್ಲ. (ಐಫೋನಿನ ಫೋಟೋಗಳು ಸಾಮಾನ್ಯವಾಗಿ ಉಳಿಯುವ `.heic`, ಅಂದರೆ ಹೀಕ್ ಕಡತವಾದರೆ ಅದೇ ಜಾಗದಲ್ಲಿ ಸಾಮಾನ್ಯವಾಗಿ `ftypheic` ಕಾಣುತ್ತದೆ.)

ಹೆಸರನ್ನು ಮೊದಲಿನಂತೆ `.webp` ಮಾಡಿ, ಕಡತವನ್ನು ಕ್ರೋಮ್ ಬ್ರೌಸರಿನೊಳಗೆ ಎಳೆದು ಬಿಟ್ಟೆ; ಚಿತ್ರ ಮೂಡಿತು. ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತಿ, ಪೇಂಟಿನಲ್ಲಿ ಅಂಟಿಸಿ, ಸುತ್ತಲಿನದನ್ನು ಕತ್ತರಿಸಿ, `Save as` ಮೂಲಕ ಜೆಪೆಗ್ ಆಗಿ ಉಳಿಸಿದೆ. ಆದರೆ ಉದ್ದದ ರಸೀದಿ ಪರದೆಗೆ ಹೊಂದುವಂತೆ ಕುಗ್ಗಿದ್ದರಿಂದ ವ್ಯವಹಾರ ಸಂಖ್ಯೆಯ 8 ಮತ್ತು 3 ಒಂದೇ ರೀತಿ ಕಂಡವು. ಚಿತ್ರದ ಮೇಲೆ ಕ್ಲಿಕ್ಕಿಸಿ ಪೂರ್ಣ ಗಾತ್ರಕ್ಕೆ ತಂದು, ಸಂಖ್ಯೆ, ದಿನಾಂಕ, ಮೊತ್ತವಿರುವ ಭಾಗವನ್ನಷ್ಟೇ ಮತ್ತೆ ಸೆರೆಹಿಡಿದಾಗ ಅಂಕಿಗಳು ಸ್ಪಷ್ಟವಾದವು, ಅರ್ಜಿಯೂ ಸ್ವೀಕೃತವಾಯಿತು.

ಈ ದಾರಿ ಹೀಕ್ ಕಡತಕ್ಕೆ ಒದಗದು, ಏಕೆಂದರೆ ಕ್ರೋಮ್ ಅದನ್ನು ತೋರಿಸುವುದಿಲ್ಲ. ಅದನ್ನು ಫೋನಿನಲ್ಲೇ ಜೆಪೆಗ್ ಆಗಿ ಬದಲಿಸಿಕೊಂಡು ಕಳುಹಿಸಬೇಕು.