ಕಚೇರಿಯಿಂದ ಹೊರಗಿದ್ದೇನೆ ಅಂದರೆ ಟೀ ಕುಡಿಯೋಕೆ ಹೋಗಿದ್ದಾನೆ ಅಂತ

ತುಮಕೂರಿನ ಹತ್ತಿರ ತೆಂಗಿನ ನಾರಿನ ಘಟಕವೊಂದರಲ್ಲಿ ಆರೇಳು ವರ್ಷದಿಂದ ಆಫೀಸಿನ ಮೇಲ್ ನೋಡಿಕೊಳ್ಳುತ್ತಿದ್ದೇನೆ. ಸಿಪ್ಪೆ ಕೊಡುವವರು, ಲಾರಿಯವರು ತಿಪಟೂರು, ಗುಬ್ಬಿ ಕಡೆಯವರು. ನಾರು ಕೊಳ್ಳುವವರು ಪುಣೆ ಕಡೆಯವರು, ಒಂದಿಬ್ಬರು ಹೊರದೇಶದವರು. ರಜೆಯಲ್ಲಿದ್ದಾಗ ತಾನಾಗೇ ಹೋಗುವ ಉತ್ತರ ಇವರೆಲ್ಲರಿಗೂ ಒಂದೇ ಆಗಬೇಕು. ಎರಡು ಭಾಷೆ ಹಾಕುತ್ತೇನೆ ಅಂದಾಗ ನಮ್ಮ ಸಾಹೇಬರು, "ಕನ್ನಡದಲ್ಲಿ ಮೇಲ್ ಯಾರಯ್ಯಾ ಓದ್ತಾರೆ?" ಅಂತ ನಕ್ಕಿದ್ದರು.

ಮೊದಲ ಸಲ ಇಂಗ್ಲಿಷ್ ಇಟ್ಟುಕೊಂಡು ಪದಕ್ಕೆ ಪದ ಕೂರಿಸಿದೆ. "ನಾನು ಕಚೇರಿಯಿಂದ ಹೊರಗಿದ್ದೇನೆ ಮತ್ತು ಇಮೇಲ್‌ಗೆ ಸೀಮಿತ ಪ್ರವೇಶವನ್ನು ಹೊಂದಿರುತ್ತೇನೆ." ಓದಿ ನನಗೇ ಖುಷಿಯಾಗಿತ್ತು. ಮಾರನೇ ದಿನ ಸಿಪ್ಪೆಯವರೊಬ್ಬರ ಫೋನ್: "ಹೊರಗೆ ಅಂದ್ರೆ ಎಷ್ಟೊತ್ತಿಗೆ ಬರ್ತೀರಾ ಸಾರ್? ನಾನು ಗೇಟ್ ಹತ್ರಾನೇ ಇದ್ದೀನಿ." ನಾನು ಆಗ ಶಿವರಾತ್ರಿಗೆ ಊರಲ್ಲಿದ್ದೆ. ಅವರ ಲಾರಿ ಅರ್ಧ ದಿನ ನಿಂತಿತು. ವೇಟಿಂಗ್ ಚಾರ್ಜ್ ಅಂತ ಎಂಟುನೂರೋ ಒಂಬೈನೂರೋ ಕಟ್ಟಿದೆವು.

ಇಂಗ್ಲಿಷ್ ಕಡೆಯೂ ಬುದ್ಧಿವಂತಿಕೆ ಮಾಡಿದ್ದೆ. ನಾವು ಊರಲ್ಲಿಲ್ಲ ಅನ್ನೋದಕ್ಕೆ ಎಲ್ಲರೂ ಹೇಳುವ "out of station" ಹಾಕಿದ್ದೆ. ಪುಣೆಯವರಿಗೆ ಅರ್ಥವಾಯಿತು. ಹೊರದೇಶದವರು ಮಾತ್ರ ಯಾವ ಸ್ಟೇಷನ್ ಅಂತ ಕೇಳಿ ಬರೆದರು.

ಆಮೇಲೆ ಗೊತ್ತಾಗಿದ್ದು, ಇಲ್ಲಿ ಅನುವಾದ ಮಾಡುವ ಕೆಲಸವೇ ಅಲ್ಲ. ಎರಡೂ ಭಾಷೆಯವರಿಗೆ ಬೇಕಾಗಿರುವುದು ಮೂರೇ ಸಂಗತಿ: ಯಾವಾಗ ಬರ್ತೀರಿ, ಅಲ್ಲಿವರೆಗೆ ಯಾರನ್ನು ಕೇಳಬೇಕು, ನನ್ನ ಮೇಲ್‌ಗೆ ಉತ್ತರ ಬರುತ್ತೋ ಇಲ್ವೋ. ಇದನ್ನು ಕನ್ನಡದಲ್ಲೇ ಮೊದಲು ಬರೆದೆ. ಇಂಗ್ಲಿಷನ್ನು ಬೇರೆಯಾಗಿ ಬರೆದೆ, ಇದನ್ನು ನೋಡದೆ. ಈಗ ಹೋಗುವುದು ಹೀಗಿದೆ:

```
ನಮಸ್ಕಾರ. ಫೆ. 24ರಿಂದ ರಜೆಯಲ್ಲಿದ್ದೇನೆ.
ಮಾರ್ಚ್ 3, ಸೋಮವಾರ ಬಂದು ಉತ್ತರ ಕೊಡುತ್ತೇನೆ.
ಲೋಡ್ ವಿಷಯ ಅರ್ಜೆಂಟ್ ಇದ್ದರೆ ಗೋಡೌನ್‌ಗೆ ಫೋನ್ ಮಾಡಿ.

I'm on leave and back on Monday, 3 March.
I'll reply then. For dispatches that can't wait,
please call our warehouse.
```

"28ರವರೆಗೆ" ಅಂತ ಬರೆಯುವುದನ್ನು ಬಿಟ್ಟೆ. 28ಕ್ಕೆ ಇರ್ತೀರಾ, ಇರಲ್ವಾ ಅನ್ನುವ ಜಗಳ ಎರಡೂ ಭಾಷೆಯಲ್ಲಿದೆ. ಬರುವ ದಿನವನ್ನೇ, ವಾರದ ಹೆಸರಿನ ಜೊತೆ ಹಾಕಿ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 3/3 ಆದರೆ ಪರವಾಗಿಲ್ಲ, 5/3 ಅಂದರೆ ಅಮೆರಿಕದವರು ಮೇ 3 ಅಂತ ಓದುತ್ತಾರೆ. ಕನ್ನಡ ಮೇಲಿರಲಿ. ಫೋನಿನ ನೋಟಿಫಿಕೇಷನ್‌ನಲ್ಲಿ ಮೊದಲ ಸಾಲಷ್ಟೇ ಕಾಣುವುದು, ನಮ್ಮ ಲಾರಿಯವರು ನೋಡುವುದೂ ಅಷ್ಟೇ.

ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಜಿಮೇಲ್ ಫಿಲ್ಟರ್‌ನಲ್ಲಿ ಟೆಂಪ್ಲೇಟ್ ಕಳಿಸುವ ಸೌಲಭ್ಯ ಇದೆಯಲ್ಲ, ಕನ್ನಡದವರಿಗೊಂದು, ಇಂಗ್ಲಿಷಿನವರಿಗೊಂದು ಅಂತ ವಿಳಾಸ ಹಾಕಿ ಬೇರೆ ಮಾಡಿದೆ. ಹೊಸಬರು ಬರೆದರೆ ಯಾವ ಫಿಲ್ಟರಿಗೂ ಬೀಳಲ್ಲ, ಉತ್ತರವೇ ಹೋಗಲ್ಲ. ವಾರಕ್ಕೇ ಕೈಬಿಟ್ಟೆ.

ಪರೀಕ್ಷೆ ಮಾಡುವಾಗ ಒಂದು ಸಂಜೆ ಹಾಳಾಯಿತು. ನನ್ನದೇ ಇನ್ನೊಂದು ಖಾತೆಯಿಂದ ಮೇಲ್ ಹಾಕಿದೆ, ಉತ್ತರ ಬಂತು. ಮತ್ತೆ ಹಾಕಿದೆ, ಬರಲಿಲ್ಲ. ಸೆಟ್ಟಿಂಗ್ಸ್ ಎಲ್ಲ ಕೆದಕಿದೆ. ವಿಷಯ ಇಷ್ಟೇ: ಜಿಮೇಲ್ ಒಬ್ಬರಿಗೇ ನಾಲ್ಕು ದಿನದೊಳಗೆ ಎರಡನೇ ಸಲ ಕಳಿಸಲ್ಲ. ಒಕ್ಕಣೆ ತಿದ್ದಿ ಉಳಿಸಿದರೆ ಮತ್ತೆ ಕಳಿಸುತ್ತದೆ.

ಇನ್ನು ಸಹಿ. ಉತ್ತರದ ಕೆಳಗೆ ಜಿಮೇಲ್ ತಾನೇ ಸಹಿಯನ್ನು ಅಂಟಿಸುತ್ತದೆ. ನಾನು ಹೆಸರನ್ನೂ ಬರೆದಿದ್ದೆ, ಎರಡೆರಡು ಸಲ ಬರುತ್ತಿತ್ತು. ಅದಕ್ಕೇ ಮೇಲಿನ ಒಕ್ಕಣೆಯಲ್ಲಿ ಹೆಸರಿಲ್ಲ.

ಸಹಿಗೆ ನಾನು ಸುಮ್ನೆ ದುಡ್ಡು ಕಳೆದೆ. ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿದ್ದ ಹೆಸರನ್ನು ಹಾಗೇ ಅಂಟಿಸಿದರೆ "ನಾನು" ಅನ್ನೋದು `£Á£ÀÄ` ಅಂತ ಕಾಣುತ್ತಿತ್ತು. ಡಿಸೈನರ್ ಒಬ್ಬರಿಗೆ ಸುಮಾರು 1,500 ಕೊಟ್ಟು ಚಿತ್ರ ಮಾಡಿಸಿದೆ. ಚೆನ್ನಾಗೇ ಇತ್ತು. ಆದರೆ ಚಿತ್ರ ತಡೆದಿದ್ದವರಿಗೆ ಬರೀ ಖಾಲಿ ಡಬ್ಬ, ಕಾಣುವವರಿಗೂ ನಂಬರ್ ಒತ್ತಿ ಫೋನ್ ಮಾಡಲು ಆಗಲ್ಲ. ಕೊನೆಗೆ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದೆ, ಖರ್ಚು ಸೊನ್ನೆ.

ಹುದ್ದೆಗೆ "ರವಾನೆ ವ್ಯವಸ್ಥಾಪಕರು" ಅಂತಿತ್ತು. ನನಗೆ ನಾನೇ ಬಹುವಚನ! ಗೇಟಿನಲ್ಲಿ ಎಲ್ಲರೂ ಕರೆಯುವ "ಡಿಸ್ಪ್ಯಾಚ್ ಮ್ಯಾನೇಜರ್" ಅನ್ನೇ ಹಾಕಿದೆ. "ಹೃತ್ಪೂರ್ವಕ ಶುಭಾಶಯಗಳೊಂದಿಗೆ" ಹೋಗಿ "ವಂದನೆಗಳು" ಬಂತು. ಬಾಕಿ ಕೇಳುವ ಮೇಲ್ ಕೆಳಗೆ ಶುಭಾಶಯ ಇದ್ದರೆ ಚೆನ್ನಾಗಿರುತ್ತಾ? ಫೋನ್ ನಂಬರ್ ಮಾತ್ರ ಇಂಗ್ಲಿಷ್ ಅಂಕಿಯಲ್ಲಿ, ಒಂದೇ ಸಲ, ಎರಡು ಭಾಷೆಗೂ ಸೇರಿ.

ಮೊದಲೆಲ್ಲ ಐದು ದಿನ ರಜೆ ಹಾಕಿದರೆ ಇಪ್ಪತ್ತು, ಇಪ್ಪತ್ತೈದು ಫೋನ್ ಬರುತ್ತಿದ್ದವು. ಈ ಸಲ ನಾಲ್ಕೋ ಐದೋ, ಅದರಲ್ಲಿ ಎರಡು ಸಾಹೇಬರದೇ. ಮೂರನೇ ದಿನ ಮಾಡಿದ್ದು, ಅವರ ಮೇಲ್‌ಗೂ ಇದೇ ಒಕ್ಕಣೆ ಹಾಕಿಕೊಡು ಅಂತ.