ಕೊನೆ ಸಾಲಲ್ಲಿ ಒಂದೇ ಒಂದು ಕೋಮಲ ರೇ

ನಿಧಾನದ ಹಾಡಿನ ಕಷ್ಟ ಏನು ಅಂದ್ರೆ, ಎರಡನೇ ಚರಣ ಮುಗಿಯೋ ಹೊತ್ತಿಗೆ ಇದು ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಕೇಳೋರಿಗೆ ಗೊತ್ತಾಗಿಬಿಟ್ಟಿರುತ್ತೆ. ನಮ್ಮ ಡೊಂಬಿವ್ಲಿ ಗುಂಪಿನಲ್ಲಿ ರಾಜ್ಯೋತ್ಸವಕ್ಕೆ ಅಂತ ಸ್ನೇಹಿತರೊಬ್ರ ಕವಿತೆಗೆ ನಾನು ರಾಗ ಹಾಕಿದ್ದೆ, ಸುಮಾರಾಗಿ ಕೀರವಾಣಿ, ದಾದ್ರಾ ತಾಳ, ತುಂಬ ನಿಧಾನ. ಕೊನೆ ಸಾಲು "ದೀಪವಾರಿದ ಮನೆಗೆ ಯಾರ ಕರೆಯಲಿ", ಭಾವಗೀತೆ ಅಂದ್ಮೇಲೆ ಅದನ್ನ ಮೂರು ಸಲ ಹಾಡಿ ಮುಗಿಸೋದು. ಮೂರು ಸಲಾನೂ ಒಂದೇ ಥರ ಇತ್ತು. ಮೂರನೇ ಸಲಕ್ಕೆ ಏನಾದ್ರೂ ಆಗ್ಬೇಕಿತ್ತು, ಆದ್ರೆ ಕೂಗಾಡೋ ಥರ ಅಲ್ಲ, ತಬಲಾ ಜೋರು ಮಾಡೋದೂ ಅಲ್ಲ. ಅಲ್ಲಿಗೆ ನಾನು ಹಾಕಿದ್ದು ನಿಯಾಪಾಲಿಟನ್ ಕಾರ್ಡ್.

ನೇಪಲ್ಸ್ ಊರಿನ 18ನೇ ಶತಮಾನದ ಒಪೆರಾದವರ ಜೊತೆ ತಳುಕು ಹಾಕ್ಕೊಂಡು ಬಂದ ಹೆಸರು ಅದು. ವಿಷಯ ಸರಳ, ಮೈನರ್ ಸ್ಕೇಲ್ ಹಾಡಲ್ಲಿ ಕೋಮಲ ರೇ ಮೇಲೆ ಒಂದು ಮೇಜರ್ ಕಾರ್ಡ್ ಕಟ್ಟೋದು, ಅಂದ್ರೆ ಕೋಮಲ ರೇ, ಮ, ಕೋಮಲ ಧ (ಹಿಂದೂಸ್ತಾನಿ ಲೆಕ್ಕದಲ್ಲಿ ಹೇಳ್ತಿದೀನಿ), ಅದರಲ್ಲೂ ಕೆಳಗಡೆ ಬೇಸ್‌ನಲ್ಲಿ ಮ ಇಟ್ಟು. ನಮ್ಮ ಹಾಡಿಗೆ ಸಾ ಎ ಮನೆ, ಹಾಗಾಗಿ ಕಾರ್ಡ್ ಬಿ ಫ್ಲಾಟ್ ಮೇಜರ್, ಬೇಸ್ ಡಿ. ಮೊದಲೆರಡು ಸಲ ಹಾಡುವಾಗ ಮೇಲಿನ ಸಾಲು, ಮೂರನೇ ಸಲಕ್ಕೆ ಕೆಳಗಿನ ಸಾಲು:

```
Am | Dm   | E7      | Am
Am | Bb/D | Am/E E7 | Am
```

ನೋಡಿ, ಬೇಸ್ ಬದಲಾಗೇ ಇಲ್ಲ, ಡಿ ಇಂದ ಇ ಗೆ ಮೊದಲಿನ ಥರಾನೇ ಹೋಗುತ್ತೆ. ಡಿ ಮೈನರ್‌ನಲ್ಲಿ ಡಿ, ಎಫ್, ಎ ಇತ್ತು, ಅದರ ಎ ಮಾತ್ರ ಅರ್ಧ ಸ್ವರ ಮೇಲೆ ಹತ್ತಿ ಬಿ ಫ್ಲಾಟ್ ಆಯ್ತು. ಇನ್ನು ಹಾಡೋ ಸಾಲಲ್ಲಿ "ಯಾ" ಅನ್ನೋ ಉದ್ದ ಅಕ್ಷರ ಶುದ್ಧ ರೇ ಮೇಲೆ ನಿಲ್ತಿತ್ತು, ಅಂದ್ರೆ ಬಿ, ಅದು ಅರ್ಧ ಸ್ವರ ಕೆಳಗೆ ಇಳಿದು ಅದೇ ಬಿ ಫ್ಲಾಟ್ ಆಯ್ತು. ಕಾರ್ಡ್‌ನ ಸಾ ಮೇಲೆ ಬಂತು, ಹಾಡಿನ ರೇ ಕೆಳಗೆ ಬಂತು, ಎರಡೂ ಒಂದೇ ಮನೆಗೆ ಬಂದು ಕೂತವು. ಆಮೇಲೆ "ಕರೆ" ಸಾ ಮೇಲೆ, "ಯ" ಶುದ್ಧ ನೀ ಮೇಲೆ, "ಲಿ" ಮತ್ತೆ ಸಾ. ರೇ, ಸಾ, ನೀ, ಸಾ ಅಷ್ಟೇ.

ಹಾಡೋ ಅಕ್ಕನಿಗೆ ಇದನ್ನ ಬಾಯಲ್ಲಿ ವಿವರಿಸೋಕೆ ಹೋಗ್ಲಿಲ್ಲ, ಕೀಬೋರ್ಡಲ್ಲಿ ನುಡಿಸಿದೆ. "ಏನೋ ಇದು, ಶ್ರುತಿ ಬಿಟ್ಟ ಹಾಗೆ ಕೇಳ್ತದಲ್ಲ ಮಾರಾಯ" ಅಂದ್ರು. ಅವರು ಹೇಳಿದ್ದು ಸರಿಯೇ, ಯಾಕಂದ್ರೆ ಅಲ್ಲಿವರೆಗೆ ಇಡೀ ಹಾಡಲ್ಲಿ ಕೋಮಲ ರೇ ಒಂದು ಸಲಾನೂ ಬಂದಿಲ್ಲ, ಕಾರ್ಡ್ ಬರೋಕ್ ಮುಂಚೆ ಗಂಟಲಿಂದ ಅದು ಬಂದ್ರೆ ಗಾಯಕಿ ತಪ್ಪಿದ್ರು ಅಂತಾನೇ ಕೇಳೋದು. ಕಾರ್ಡ್ ಅಕ್ಷರದ ಜೊತೆಗೇ, ಇಲ್ಲಾಂದ್ರೆ ಒಂದು ಕೂದಲೆಳೆ ಮುಂಚೆ ಬೀಳಬೇಕು. ಸಮ್ ಮೇಲೆ "ಯಾ", ಅದೇ ಸಮ್ ಮೇಲೆ ಕಾರ್ಡ್, ತಬಲಾದವರು ಒಂದು ಧಾ ಕೊಟ್ಟು ಆ ಆವರ್ತನ ಪೂರ್ತಿ ಕೈ ಕಟ್ಟಿ ಕೂರೋದು ಅಂತ ಮಾತಾಯ್ತು. ಅಷ್ಟಾದ್ಮೇಲೆ ಅಕ್ಕನೇ "ಈಗ ಗೊತ್ತಾಯ್ತು ಬಿಡು, ನೆಲ ಸರಿದ ಹಾಗೆ" ಅಂದ್ರು.

ಇನ್ನೊಂದು ಅಪಾಯ ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ನುಡಿಸೋರು ಗಾಯಕರ ಬೆನ್ನು ಹಿಡಿದೇ ಹೋಗ್ತಾರೆ, ಎರಡು ಸಲ ಶುದ್ಧ ರೇ ಒತ್ತಿದ ಬೆರಳು ಮೂರನೇ ಸಲಾನೂ ತಾನಾಗೇ ಅಲ್ಲಿಗೇ ಹೋಗುತ್ತೆ, ಆಗ ಬಿ ಮತ್ತು ಬಿ ಫ್ಲಾಟ್ ಒಟ್ಟಿಗೆ ಕಿರುಚುತ್ತೆ. ಅವರಿಗೆ ಆ ಸಾಲು ಮಾತ್ರ ಬರೆದುಕೊಡಿ, ಇಲ್ಲಾ ಆ ಒಂದು ಆವರ್ತನ ಬಿಟ್ಟುಬಿಡಿ ಅನ್ನಿ. ತಂಬೂರಿ ಕೂಡ ಹಾಗೇ, ಮೊಬೈಲ್‌ನಲ್ಲಿ ಸಾ ಪ ಮೊಳಗ್ತಾನೇ ಇರುತ್ತೆ, ಎ ಮತ್ತು ಇ ಎರಡೂ ಈ ಕಾರ್ಡ್‌ಗೆ ಆಗದ ಸ್ವರಗಳು. ನಾನು ಎರಡನೇ ಸಲದ ಸಾಲು ನಡೀತಿರುವಾಗಲೇ ತಂಬೂರಿ ಮೆಲ್ಲಗೆ ಇಳಿಸ್ತಾ ಬಂದೆ, ಯಾರಿಗೂ ತಿಳೀಲಿಲ್ಲ. ಸರಿಯಾಗಿ ಮೂರನೇ ಸಲಕ್ಕೇ ಟಪ್ ಅಂತ ನಿಲ್ಲಿಸಿದ್ರೆ ಏನೋ ಬರ್ತಿದೆ ಅಂತ ಮುಂಚೇನೇ ಸುಳಿವು ಸಿಕ್ಕಿಬಿಡುತ್ತೆ.

ಕೀಬೋರ್ಡಲ್ಲಿ ಬೆರಳು ಇಡೋದು ಮಾತ್ರ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಇದರಲ್ಲೇ ಎಲ್ಲಾ ಇರೋದು. ಬಲಗೈಯಲ್ಲಿ ಕೆಳಗಿಂದ ಡಿ, ಎಫ್, ಬಿ ಫ್ಲಾಟ್, ಎಡಗೈಯಲ್ಲಿ ಡಿ. ಎರಡು ಸಲ ಬರಬೇಕಾದ್ದು ಬೇಸ್‌ನ ಡಿ, ಬಿ ಫ್ಲಾಟ್ ಅಲ್ಲ, ಅದು ಮೊದಲೇ ಚೂಪಾದ ಸ್ವರ, ಎರಡೆರಡು ಇಟ್ರೆ ಒರಟಾಗುತ್ತೆ. ಮುಂದೆ ಎಡಗೈ ಇ ಗೆ ಏರುತ್ತೆ, ಬಲಗೈ ಸಿ, ಇ, ಎ ಗೆ ಇಳಿಯುತ್ತೆ, ಅಲ್ಲಿಂದ ಬಿ, ಡಿ, ಜಿ ಶಾರ್ಪ್. ಬಲಗೈಯ ಮೂರೂ ಬೆರಳು ಒಟ್ಟಿಗೆ ಮೆಟ್ಟಿಲು ಇಳಿದ ಹಾಗೆ, ಮೇಲಿನ ಬೆರಳು ಹಾಡಿನ ಜೊತೆಗೇ ಬಿ ಫ್ಲಾಟ್, ಎ, ಜಿ ಶಾರ್ಪ್. ಎಫ್ ಯಾವಾಗ್ಲೂ ಬಿ ಫ್ಲಾಟ್‌ಗಿಂತ ಕೆಳಗಿರಲಿ, ಮೇಲಿಟ್ಟು ಇಳಿದ್ರೆ ಅವೆರಡೂ ಐದರ ಅಂತರದಲ್ಲಿ ಜೋಡಿಯಾಗಿ ಜಾರಿ ಟೊಳ್ಳು ಕೇಳುತ್ತೆ.

ನಡುವೆ ಆ ಎ ಮೈನರ್ ಯಾಕೆ, ನೇರ ಇ ಸೆವೆನ್‌ಗೆ ಹೋಗಬಾರದಾ ಅಂತ ನಮ್ಮ ಗಿಟಾರ್ ಹುಡುಗ ಕೇಳಿದ. ಹೋಗಬಹುದು, ಇನ್ನೂ ತೀಕ್ಷ್ಣ ಇರುತ್ತೆ. ಆದ್ರೆ ಆಗ ಗಾಯಕಿ ಕೋಮಲ ರೇ ಇಂದ ಸಾ ಮುಟ್ಟದೆ ಸೀದಾ ನೀ ಗೆ ಹಾರಬೇಕು, ನಿಧಾನದ ಹಾಡಲ್ಲಿ ಆ ಚಿಕ್ಕ ಹಾರಾಟದಲ್ಲಿ ಸ್ವರ ಜಾರೋದು ಸುಲಭ. ಸಾ ಮೇಲೆ ಒಂದು ಕ್ಷಣ ಕಾಲಿಟ್ಟು ಹೋದ್ರೆ ಭದ್ರ.

ಅವನು ಮಲಾಡ್ ಕಡೆ ಚರ್ಚ್ ಕ್ವಾಯರ್‌ನಲ್ಲಿ ನುಡಿಸೋ ಗೋವಾದವರ ಹುಡುಗ, ಇದೆಲ್ಲ ಅವನಿಗೆ ನೀರು ಕುಡಿದ ಹಾಗೆ. (ಸೆಬಾಸ್ಟಿಯನ್ ಡಿಸೋಜಾ ಅಂಥವರು ಬಾಂಬೆ ಸಿನಿಮಾ ಹಾಡುಗಳಿಗೆ ಹಾರ್ಮನಿ ಕೂರಿಸಿದ್ದು ಇದೇ ಊರಲ್ಲಿ ಅಲ್ವಾ.) ಅವನಿಗೆ ಕೊಟ್ಟ ಶೇಪ್ `x533xx`, ಕೆಳಗಿಂದ ಡಿ, ಎಫ್, ಬಿ ಫ್ಲಾಟ್ ಮೂರೇ ಸ್ವರ, ಸ್ಟ್ರಮ್ ಬೇಡ, ಬೆರಳಲ್ಲಿ ಒಂದೇ ಸಲ ಎಳೆದು ಬಿಡೋದು. ಖಾಲಿ ತಂತಿ ಒಂದೂ ಮೊಳಗಬಾರದು, ಅಲ್ಲೂ ಅದೇ ಎ ಮತ್ತು ಇ ಕಾಟ.

ಹಿಂದಿನ ಕಾರ್ಡ್ ಬಗ್ಗೆಯೂ ಯೋಚಿಸಿ. ಎಫ್ ಮೇಜರ್‌ನಿಂದ ಬಂದ್ರೆ ಬಿ ಫ್ಲಾಟ್ ತುಂಬ ನಯವಾಗಿ ಬರುತ್ತೆ, ಅವೆರಡು ನೆಂಟರು, ಚಂದ ಇರುತ್ತೆ ಆದ್ರೆ ಬೆಚ್ಚಿ ಬೀಳಲ್ಲ. ನನಗೆ ಬೇಕಿದ್ದು ಬೆಚ್ಚೋದು, ಅದಕ್ಕೇ ಎ ಮೈನರ್‌ನಿಂದ ನೇರ. ಬೇಸ್‌ನಲ್ಲಿ ಡಿ ಬದಲು ಬಿ ಫ್ಲಾಟನ್ನೇ ಇಡೋರೂ ಇದ್ದಾರೆ, ಭಾರ ಜಾಸ್ತಿ ಬರುತ್ತೆ, ಆದ್ರೆ ಅಲ್ಲಿಂದ ಇ ಗೆ ದೊಡ್ಡ ಜಿಗಿತ, ಕೇಳೋರಿಗೆ ಹಾಡಿನ ಸಾ ನೇ ಬದಲಾಯ್ತಾ ಅನ್ನಿಸಬಹುದು.

ಇದು ಭೈರವಿ ಹಾಡಿಗೆ ಕೆಲಸ ಮಾಡಲ್ಲ. ಅಲ್ಲಿ ಕೋಮಲ ರೇ ಮೊದಲ ಸಾಲಿಂದಲೇ ಓಡಾಡ್ತಿರುತ್ತೆ, ಕಾರ್ಡ್ ಬಂದ್ರೂ ಮನೆಯವರೇ ಬಂದ ಹಾಗೆ. ಶುದ್ಧ ರೇ ಇರೋ ಕೀರವಾಣಿ, ಜೌನ್‌ಪುರಿ ಥರದ ರಾಗಗಳಲ್ಲೇ ಇದಕ್ಕೆ ಬೆಲೆ, ಅದೂ ಇಡೀ ಹಾಡಿಗೆ ಒಂದೇ ಸಲ. ಗಂಡು ದನಿಗೆ ಕಾಲಿ ಏಕ್ ಅಂದ್ರೆ ಸಿ ಶಾರ್ಪ್ ಆದ್ರೆ ಕಾರ್ಡ್ ಡಿ ಮೇಜರ್, ಬೇಸ್ ಎಫ್ ಶಾರ್ಪ್, ಗಿಟಾರಲ್ಲಿ ಇನ್ನೂ ಸುಲಭ. ಬೀಥೋವನ್ 1801ರಲ್ಲಿ ಬರೆದ ಮೂನ್‌ಲೈಟ್ ಸೊನಾಟಾ ಇದೇ ಸಿ ಶಾರ್ಪ್ ಮೈನರ್, ಅದರ ಮೂರನೇ ಬಾರ್‌ನ ಎರಡನೇ ಅರ್ಧದಲ್ಲಿ ಈ ಕಾರ್ಡೇ ಇದೆ, ನುಡಿಸೋಕ್ ಮುಂಚೆ ಬೇಸ್ ಕಡೆ ಕಿವಿ ಕೊಟ್ಟು ಕೇಳಿ.